ಲಿಂಕ್ಡ್‌ಇನ್‌ಗೆ ಮನೆಯಲ್ಲೇ ಫೋಟೊ ತೆಗೆಯುತ್ತಿದ್ದೇನೆ, ಮುಖ ಹಸಿರಾಗಿ ಬರುತ್ತಿದೆ. ಏನು ಮಾಡಲಿ?

ಚೈತ್ರಾ_ದಾವಣಗೆರೆ · ಶನಿವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಾನು ವಿದ್ಯಾನಗರದವಳು. ಬಿ.ಕಾಂ ಮುಗಿಸಿ ಎರಡು ವರ್ಷ ಒಬ್ಬ ಆಡಿಟರ್ ಹತ್ತಿರ ಜಿಎಸ್‌ಟಿ ರಿಟರ್ನ್ಸ್ ಕೆಲಸ ಮಾಡಿದ್ದೇನೆ. ಈಗ ಬೆಂಗಳೂರಿನ ಕಡೆ ಅರ್ಜಿ ಹಾಕಬೇಕು. ಪ್ರೊಫೈಲ್ ಎಲ್ಲ ತುಂಬಿಸಿದ್ದೇನೆ, ಫೋಟೊ ಒಂದೇ ಬಾಕಿ.

ಮೊದಲು ಅಕ್ಕನ ಮದುವೆಯ ಫೋಟೊ ಹಾಕಿದ್ದೆ. ಅದರಲ್ಲಿ ನಾನು ಚೆನ್ನಾಗಿಯೇ ಬಂದಿದ್ದೆ. ಆದರೆ ಪಕ್ಕದಲ್ಲಿ ಅತ್ತೆ ನಿಂತಿದ್ದರು. ಅವರನ್ನು ಕತ್ತರಿಸಿದ ಮೇಲೂ ಅವರ ನಾಲ್ಕು ಬೆರಳು ನನ್ನ ಹೆಗಲ ಮೇಲೆ ಉಳಿದವು. ಗೆಳತಿ ನೋಡಿ ತೆಗೆದುಹಾಕು ಅಂದಳು.

ಇವತ್ತು ತಮ್ಮನ ಹತ್ತಿರ ಮನೆಯಲ್ಲೇ ತೆಗೆಸಿದೆ. ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಗೋಡೆ ಗಿಳಿಹಸಿರು ಬಣ್ಣದ್ದು. ಕತ್ತಲಿತ್ತು ಅಂತ ಟ್ಯೂಬ್‌ಲೈಟ್ ಹಾಕಿದೆವು. ಕೆಳಗೆ ಮೂರು ಫೋಟೊ ಹಾಕಿದ್ದೇನೆ. ಕಣ್ಣಿನ ಕೆಳಗೆ ಕಪ್ಪು, ಕೆನ್ನೆ ಹಸಿರು, ತಲೆಯ ಪಕ್ಕದಲ್ಲಿ ಸ್ವಿಚ್‌ಬೋರ್ಡು. ಮೂರನೆಯದು ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದದ್ದು. ಅದರಲ್ಲಿ ಎಡಗಿವಿಯ ಜುಮುಕಿ ಅರ್ಧ ಕರಗಿಹೋಗಿದೆ.

ಸ್ಟುಡಿಯೋಗೆ ಹೋಗು ಅಂತ ಹೇಳಬಹುದು. ಹೋದೆ. ಅಲ್ಲಿ ನೀಲಿ ಪರದೆ ಹಾಕಿ, ಮುಖಕ್ಕೆ ಬಿಳುಪು ಬಳಿದು ಕೊಟ್ಟರು. ಅದು ನಾನಲ್ಲ ಅನ್ನಿಸಿತು. ಮೊಬೈಲಲ್ಲೇ ಸರಿ ಮಾಡೋಕೆ ಆಗುತ್ತಾ?

ಕಿರಣ್_ಜಗಳೂರು · ಶನಿವಾರ, ರಾತ್ರಿ 9:05

ಆಗುತ್ತೆ. ಒಂದು ರಿಂಗ್‌ಲೈಟ್ ತಗೊಳ್ಳಿ, ಕಣ್ಣಿನ ಕೆಳಗಿನ ಕಪ್ಪು ಹೋಗುತ್ತೆ. ಬ್ಯಾಕ್‌ಗ್ರೌಂಡ್‌ಗೆ ಪೋರ್ಟ್ರೇಟ್ ಮೋಡ್ ಬಿಡಬೇಡಿ, ಬ್ಲರ್ ಸ್ವಲ್ಪ ಕಡಿಮೆ ಇಡಿ ಅಷ್ಟೇ. ಬಣ್ಣ ಆಮೇಲೆ Snapseed ನಲ್ಲಿ ಸರಿ ಮಾಡಬಹುದು. ನಾನು ಕಾಲೇಜಿನ ಪ್ಲೇಸ್‌ಮೆಂಟ್ ಸಮಯದಲ್ಲಿ ಹತ್ತು ಹುಡುಗರಿಗೆ ಹೀಗೇ ಮಾಡಿಕೊಟ್ಟಿದ್ದೇನೆ.

ವಿಜಯಾ_ಟೀಚರ್ · ಶನಿವಾರ, ರಾತ್ರಿ 9:30

ಚೈತ್ರಾ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಮ್ಮ. ಬಿಳಿ ಬ್ಯಾಕ್‌ಗ್ರೌಂಡ್, ಎರಡೂ ಕಿವಿ ಕಾಣಬೇಕು, ನಗಬಾರದು, ನೇರ ನೋಡಬೇಕು. ಪಾಸ್‌ಪೋರ್ಟ್ ಸೈಜು. ನನ್ನ ಮಗನ ಪರೀಕ್ಷೆಯ ಅರ್ಜಿ ಫೋಟೊ ಸರಿಯಿಲ್ಲ ಅಂತ ವಾಪಸ್ ಬಂದಿತ್ತು. ಕೊನೆಯ ದಿನ ಓಡಾಡಿ ಸಾಕಾಯಿತು. ಅದಕ್ಕೇ ಹೇಳುತ್ತಿದ್ದೇನೆ.

ಶ್ವೇತಾ_ನೇಮಕಾತಿ · ಶನಿವಾರ, ರಾತ್ರಿ 10:10

ವಿಜಯಾ ಮೇಡಂ, ನೀವು ಹೇಳುತ್ತಿರುವುದು ಸರ್ಕಾರಿ ಅರ್ಜಿಗೆ. ಅಲ್ಲಿ ಗುರುತು ಹಿಡಿಯೋಕೆ ಫೋಟೊ ಬೇಕು, ಅದಕ್ಕೆ ನಿಯಮ ಇರುತ್ತೆ. ಚೈತ್ರಾ ಕೇಳುತ್ತಿರುವುದು ಬೇರೆ. ಇಲ್ಲಿ ನಗಬಹುದು, ಮುಖ ಸ್ವಲ್ಪ ತಿರುಗಿಸಬಹುದು.

ನಾನು ಎಂಟು ವರ್ಷದಿಂದ ನೇಮಕಾತಿ ಕೆಲಸದಲ್ಲಿದ್ದೇನೆ, ಊರು ಚಿತ್ರದುರ್ಗ. ನಾವು ಫೋಟೊವನ್ನು ಹೇಗೆ ನೋಡುತ್ತೇವೆ ಅಂತ ಹೇಳುತ್ತೇನೆ. ಹುಡುಕಿದಾಗ ಹೆಸರುಗಳ ಪಟ್ಟಿ ಬರುತ್ತೆ. ಪ್ರತಿ ಹೆಸರಿನ ಪಕ್ಕ ಒಂದು ಪುಟ್ಟ ದುಂಡು. ಮೊಬೈಲಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟು. ಅಷ್ಟರಲ್ಲಿ ಮುಖ ಕಾಣಬೇಕು. ಪೂರ್ತಿ ನಿಂತ ಫೋಟೊ ಹಾಕಿದರೆ ಮುಖ ಸಾಸಿವೆ ಕಾಳಿನಷ್ಟಾಗುತ್ತೆ. ಮುಖವೇ ಚೌಕಟ್ಟಿನ ನೂರಕ್ಕೆ ಸುಮಾರು 60 ಭಾಗ ತುಂಬಿರಲಿ ಅಂತ ಲಿಂಕ್ಡ್‌ಇನ್‌ನವರೇ ಹೇಳುತ್ತಾರೆ.

ನಿಮ್ಮ ಮೂರು ಫೋಟೊಗಳನ್ನು ಆ ಅಳತೆಗೆ ಇಳಿಸಿ ನೋಡಿದೆ. ಮೊದಲನೆಯದರಲ್ಲಿ ಮುಖಕ್ಕಿಂತ ಮೊದಲು ಕಾಣುವುದು ಆ ಬಿಳಿ ಸ್ವಿಚ್‌ಬೋರ್ಡು.

ಸ್ಟುಡಿಯೋ_ಮಂಜಣ್ಣ · ಭಾನುವಾರ, ಬೆಳಿಗ್ಗೆ 6:50

ತಂಗಿ, ನಾನು ಚಿತ್ರದುರ್ಗದಲ್ಲಿ 22 ವರ್ಷ ಸ್ಟುಡಿಯೋ ನಡೆಸಿದವನು. ರೀಲ್ ಕಾಲದಿಂದ ಮುಖಕ್ಕೆ ಬೆಳಕು ಕೊಟ್ಟುಕೊಂಡು ಬಂದಿದ್ದೇನೆ. ನಿನ್ನ ಫೋಟೊ ದೊಡ್ಡದು ಮಾಡಿ ನೋಡಿದೆ.

ಮೊದಲು ಒಂದು ಕೆಲಸ ಮಾಡು. ಫೋಟೊದಲ್ಲಿ ನಿನ್ನ ಕಣ್ಣನ್ನು ಮಾತ್ರ ದೊಡ್ಡದು ಮಾಡಿಕೊಂಡು ನೋಡು. ಕಣ್ಣಿನ ಕಪ್ಪಿನಲ್ಲಿ ಒಂದು ಬಿಳಿ ಚುಕ್ಕೆ ಇರಬೇಕು. ಬೆಳಕು ಎಲ್ಲಿಂದ ಬಂತು ಅಂತ ಅದೇ ಹೇಳುತ್ತೆ. ಗಡಿಯಾರದಲ್ಲಿ 10 ಅಥವಾ 2 ಇರುವ ಜಾಗದಲ್ಲಿ ಆ ಚುಕ್ಕೆ ಇದ್ದರೆ ಬೆಳಕು ಸರಿ ಇದೆ. ನಿನ್ನ ಕಣ್ಣಲ್ಲಿ ಚುಕ್ಕೆಯೇ ಇಲ್ಲ. ಅಂದರೆ ಬೆಳಕು ನಿನ್ನ ಮುಖದ ಮುಂದೆ ಇಲ್ಲ, ತಲೆಯ ಮೇಲಿದೆ. ನೀನು ಗೋಡೆಗೆ ಅಂಟಿ ನಿಂತಿದ್ದೀಯ, ಟ್ಯೂಬ್ ಅದೇ ಗೋಡೆಯ ಮೇಲಿದೆ. ಬೆಳಕು ಹಣೆ, ಮೂಗಿನ ಮೇಲೆ ಬಿತ್ತು. ಕಣ್ಣಿನ ಗುಳಿಗೆ, ಗದ್ದದ ಕೆಳಗೆ ಇಳಿಯಲಿಲ್ಲ. ಆ ಕಪ್ಪು ನಿದ್ದೆಗೆಟ್ಟದ್ದಲ್ಲ, ನೆರಳು.

ಹಸಿರು ಎಲ್ಲಿಂದ ಬಂತು? ಗೋಡೆಯಿಂದ. ಬಣ್ಣದ ಗೋಡೆ ಬೆಳಕನ್ನು ತನ್ನ ಬಣ್ಣ ಹಚ್ಚಿಯೇ ವಾಪಸ್ ಕಳಿಸುತ್ತೆ. ಗೋಡೆ ಕಡೆಗಿರುವ ಕೆನ್ನೆ, ದವಡೆಯ ಅಂಚು ನೋಡು, ಅಲ್ಲೇ ಹಸಿರು ಜಾಸ್ತಿ. ಇನ್ನೊಂದು ಕೆನ್ನೆ ಸರಿ ಇದೆ. ಕಿರಣ್ ಹೇಳಿದ ಹಾಗೆ ಆಪ್‌ನಲ್ಲಿ ಹಸಿರು ತೆಗೆದರೆ ಸರಿ ಇರುವ ಕೆನ್ನೆ ಗುಲಾಬಿ ಆಗುತ್ತೆ. ಎರಡು ಬಣ್ಣದ ಬೆಳಕು ಮುಖದ ಮೇಲೆ ಬಿದ್ದರೆ ಒಂದೇ ಗುಂಡಿ ಒತ್ತಿ ಸರಿ ಮಾಡೋಕೆ ಆಗಲ್ಲ. ತೆಗೆಯುವಾಗಲೇ ಸರಿ ಮಾಡಬೇಕು.

ಹೀಗೆ ಮಾಡು. ಟ್ಯೂಬ್ ಆರಿಸು, ಹಗಲಲ್ಲಿ ತೆಗೆಸು. ಕಿಟಕಿಯಿಂದ ಮೂರು ಅಡಿ ದೂರ ಕುರ್ಚಿ ಹಾಕು. ಕಿಟಕಿ ಪೂರ್ತಿ ಎದುರಿಗೂ ಬೇಡ, ಪೂರ್ತಿ ಪಕ್ಕಕ್ಕೂ ಬೇಡ. ನಿನ್ನ ಮೂಗು ಕಿಟಕಿಯ ಚೌಕಟ್ಟಿನ ಅಂಚಿನ ಕಡೆ ತಿರುಗಿರಲಿ. ಆಚೆ ಕೆನ್ನೆ ಕತ್ತಲಾಗುತ್ತೆ. ಅದಕ್ಕೆ ಒಂದು ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ಆ ಕಡೆ ಎರಡಡಿ ದೂರದಲ್ಲಿ ಯಾರಾದರೂ ಹಿಡಿದುಕೊಳ್ಳಲಿ. ಥರ್ಮಾಕೋಲ್ ಹಾಳೆ ಇದ್ದರೂ ಆಗುತ್ತೆ. ಹತ್ತಿರ ತಂದರೆ ಕೆನ್ನೆ ಬೆಳಗುತ್ತೆ, ದೂರ ಮಾಡಿದರೆ ನೆರಳು ಬರುತ್ತೆ. ಹಿಡಿದವರು ಮುಂದೆ ಹಿಂದೆ ಆಡಿಸಲಿ, ನಿನ್ನ ತಮ್ಮ ಮೊಬೈಲಲ್ಲಿ ನೋಡಿಕೊಂಡು ಸಾಕು ಅನ್ನಲಿ.

ಬ್ಯಾಕ್‌ಗ್ರೌಂಡ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಬೆಳಕು.

ಕಿರಣ್_ಜಗಳೂರು · ಭಾನುವಾರ, ಬೆಳಿಗ್ಗೆ 8:15

ಮಂಜಣ್ಣ ಹೇಳಿದ್ದು ಒಪ್ಪುತ್ತೇನೆ. ಆದರೆ ಚೈತ್ರಾ ಅವರೇ, ಉತ್ತರದ ಕಿಟಕಿಯನ್ನೇ ಹಿಡಿಯಿರಿ. ಉತ್ತರದ ಕಿಟಕಿಗೆ ವರ್ಷಪೂರ್ತಿ ನೇರ ಬಿಸಿಲು ಬರೋದೇ ಇಲ್ಲ. ಯಾವ ಹೊತ್ತಲ್ಲಾದರೂ ತೆಗೆಯಬಹುದು.

ಮತ್ತೆ ರಿಂಗ್‌ಲೈಟ್ ಬಗ್ಗೆ ಯಾಕೆ ಯಾರೂ ಮಾತಾಡಲಿಲ್ಲ?

ಸ್ಟುಡಿಯೋ_ಮಂಜಣ್ಣ · ಭಾನುವಾರ, ಬೆಳಿಗ್ಗೆ 9:00

ಕಿರಣ್ ತಮ್ಮ, ಆ ಮಾತು ದೂರದ ದೇಶದವರು ಬರೆದದ್ದನ್ನು ಓದಿ ಬಂದಿರಬೇಕು. ದೆಹಲಿಗಿಂತ ಮೇಲಿನವರಿಗೆ ಬಹುಮಟ್ಟಿಗೆ ಸರಿ. ನಮ್ಮ ಕಡೆಗೆ ಅಲ್ಲ. ದಾವಣಗೆರೆ, ದುರ್ಗ ಇರುವುದು ಹದಿನಾಲ್ಕೂವರೆ ಡಿಗ್ರಿ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ನಡುಮಧ್ಯಾಹ್ನವೂ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಸಜ್ಜಾ ತಡೆಯುತ್ತೆ. ಆದರೆ ಆ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಯಲ್ಲೂ ಓರೆ ಬಿಸಿಲು ಒಳಗೆ ಬರುತ್ತೆ. ದಿಕ್ಕು ಹಿಡಿಯುವುದಕ್ಕಿಂತ ನೆಲ ನೋಡುವುದು ಒಳ್ಳೆಯದು. ನೆಲದ ಮೇಲೆ ಬಿಸಿಲಿನ ಪಟ್ಟೆ ಇದ್ದರೆ ಆ ಕಿಟಕಿ ಈಗ ಬೇಡ.

ರಿಂಗ್‌ಲೈಟ್ ತಪ್ಪಲ್ಲ. ರಾತ್ರಿ ಬೇರೆ ದಾರಿ ಇಲ್ಲದಾಗ ಒಳ್ಳೆಯದು. ಆದರೆ ಅದು ನೇರ ಎದುರಿನಿಂದ ಬರುತ್ತೆ, ಮುಖ ತಟ್ಟೆಯ ಹಾಗೆ ಚಪ್ಪಟೆ ಆಗುತ್ತೆ. ಕಣ್ಣಲ್ಲಿ ಬಳೆಯ ಹಾಗೆ ಬಿಳಿ ಸುತ್ತು ಕಾಣುತ್ತೆ. ಕನ್ನಡಕ ಇದ್ದವರಿಗಂತೂ ಗಾಜಿನ ತುಂಬ ಅದೇ.

ಇರ್ಫಾನ್_ಹರಿಹರ · ಭಾನುವಾರ, ಬೆಳಿಗ್ಗೆ 9:40

ಕನ್ನಡಕ ಅಂದಿರಲ್ಲ, ನನ್ನದೂ ಅದೇ ಕಥೆ. ಕಿಟಕಿ ಎದುರು ಕೂತರೆ ಎರಡೂ ಗಾಜಿನಲ್ಲಿ ಬಿಳಿ ಕಿಟಕಿ. ಕಣ್ಣೇ ಕಾಣಲ್ಲ. ಕನ್ನಡಕ ತೆಗೆದರೆ ಮೂಗಿನ ಮೇಲೆ ಎರಡು ಗುಳಿ, ಇಂಟರ್‌ವ್ಯೂನಲ್ಲಿ ನನ್ನ ಗುರುತೂ ಸಿಗಲ್ಲ. ಏನು ಮಾಡಲಿ ಅಣ್ಣ?

ಇನ್ನೊಂದು. ಗಾಜಿನ ಮನೆ ಹತ್ತಿರ ಗೆಳೆಯರ ಜೊತೆ ತೆಗೆಸಿಕೊಂಡ ಒಳ್ಳೆ ಫೋಟೊ ಇದೆ. ಅದರಲ್ಲಿ ಕನ್ನಡಕದ ಹೊಳಪು ಇಲ್ಲ. ಅದರಿಂದ ನನ್ನನ್ನು ಮಾತ್ರ ಕತ್ತರಿಸಿದೆ, ತುಂಬಾ ಮಸುಕು. ಒಂದೇ ಫೋಟೊ, ಅಲ್ಲಿ ಚೆನ್ನಾಗಿದೆ, ಇಲ್ಲಿ ಯಾಕೆ ಹೀಗೆ?

ಸ್ಟುಡಿಯೋ_ಮಂಜಣ್ಣ · ಭಾನುವಾರ, ಬೆಳಿಗ್ಗೆ 10:20

ಇರ್ಫಾನ್, ಕನ್ನಡಕದ ಕಾಲು ಕಿವಿಯ ಮೇಲೆ ಕೂತಿರುತ್ತಲ್ಲ, ಅದನ್ನು ಒಂದು ಬೆರಳಷ್ಟು ಮೇಲಕ್ಕೆ ಎತ್ತಿ ಕೂದಲ ಮೇಲೆ ಕೂರಿಸು. ಗಾಜು ಸ್ವಲ್ಪ ನೆಲದ ಕಡೆ ಬಾಗುತ್ತೆ. ಕಿಟಕಿಯ ಹೊಳಪು ಕ್ಯಾಮೆರಾ ಬಿಟ್ಟು ಕೆಳಗೆ ಹೋಗುತ್ತೆ. ಎದುರಿನಿಂದ ನೋಡಿದರೆ ಎತ್ತಿದ್ದು ಗೊತ್ತಾಗಲ್ಲ. ಅದಕ್ಕೂ ಹೋಗದಿದ್ದರೆ ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಪಕ್ಕ ಮಾಡಿಕೊ. ಪವರ್ ಜಾಸ್ತಿ ಇದ್ದರೆ ಪೂರ್ತಿ ಹೋಗಲ್ಲ, ಮೂಲೆಗೆ ಸರಿದರೆ ಸಾಕು. ಕಣ್ಣಿನ ಕಪ್ಪಿನ ಮೇಲೆ ಹೊಳಪು ಇರಬಾರದು ಅಷ್ಟೇ.

ಗುಂಪಿನ ಫೋಟೊ ವಿಷಯ ಕಿರಣ್ ಹೇಳಲಿ, ಅವನಿಗೆ ಪಿಕ್ಸೆಲ್ ಲೆಕ್ಕ ಚೆನ್ನಾಗಿ ಗೊತ್ತಿರುತ್ತೆ.

ಕಿರಣ್_ಜಗಳೂರು · ಭಾನುವಾರ, ಬೆಳಿಗ್ಗೆ 11:00

ಇರ್ಫಾನ್ ಭಾಯ್, ಗ್ಯಾಲರಿಯಲ್ಲಿ ಆ ಫೋಟೊದ ಡೀಟೇಲ್ಸ್ ತೆರೆದು ನೋಡಿ. ಎಷ್ಟು ತೋರಿಸುತ್ತೆ?

ಇರ್ಫಾನ್_ಹರಿಹರ · ಭಾನುವಾರ, ಬೆಳಿಗ್ಗೆ 11:05

1280 x 960. ವಾಟ್ಸಾಪ್‌ನಲ್ಲಿ ಬಂದದ್ದು. ಒಟ್ಟು ಒಂಬತ್ತು ಜನ ಇದ್ದೇವೆ.

ಕಿರಣ್_ಜಗಳೂರು · ಭಾನುವಾರ, ಬೆಳಿಗ್ಗೆ 11:20

ಅದೇ ಕಾರಣ. 1280 ಅಗಲದಲ್ಲಿ ಒಂಬತ್ತು ಜನ ಅಂದರೆ ನಿಮ್ಮ ಪಾಲಿಗೆ 140 ಪಿಕ್ಸೆಲ್. ಲಿಂಕ್ಡ್‌ಇನ್‌ಗೆ ಕನಿಷ್ಠ 400 x 400 ಬೇಕು. 140 ನ್ನು 400 ಕ್ಕೆ ಎಳೆದರೆ ಮಸುಕಾಗಲೇಬೇಕು. ಶಾರ್ಪ್ ಮಾಡುವ ಗುಂಡಿ ಒತ್ತಿದರೆ ಇಲ್ಲದ ವಿವರ ಬರಲ್ಲ, ಚರ್ಮ ಮರಳು ಮರಳಾಗುತ್ತೆ.

ಗೆಳೆಯನ ಹತ್ತಿರ ಮೂಲ ಫೋಟೊ ಇದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಕುಗ್ಗಿಸುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಬರುತ್ತೆ. ಮೂಲ 4000 x 3000 ಇದ್ದರೆ ನಿಮ್ಮ ಪಾಲಿಗೆ 440 ಸಿಗಬಹುದು. ಗಡಿ ದಾಟಿದಂತೆ, ಅಷ್ಟೇ. ಹೊಸದು ತೆಗೆಸೋದೇ ವಾಸಿ.

ಚೈತ್ರಾ ಅವರೇ, ನಿಮಗೂ ಇದೇ. ತಮ್ಮನ ಮೊಬೈಲಲ್ಲಿ ತೆಗೆದರೆ ಡಾಕ್ಯುಮೆಂಟ್ ಆಗಿಯೇ ತರಿಸಿಕೊಳ್ಳಿ.

ಚೈತ್ರಾ_ದಾವಣಗೆರೆ · ಭಾನುವಾರ, ಸಂಜೆ 5:30

ಇವತ್ತು ನಾಲ್ಕೂವರೆಗೆ ತೆಗೆಸಿದೆ. ಬೆಳಕು ಜಾಸ್ತಿ ಇರಲಿ ಅಂತ ಸಂಜೆ ತನಕ ಕಾದೆ. ನಮ್ಮ ಪಡಸಾಲೆಯ ಕಿಟಕಿ ಪಡುವಣಕ್ಕಿದೆ. ಕೆನ್ನೆ ಮೇಲೆ ಕಂಬಿಯ ನೆರಳು ಪಟ್ಟೆ ಪಟ್ಟೆಯಾಗಿ ಬಂದಿದೆ. ಕಣ್ಣು ಬಿಡೋಕೂ ಆಗಲಿಲ್ಲ. ಫೋಟೊ ಹಾಕಿದ್ದೇನೆ. ಹಸಿರು ಮಾತ್ರ ಹೋಗಿದೆ, ಅದು ಖುಷಿ.

ಮೂಗು ದೊಡ್ಡದಾಗಿ ಕಾಣುತ್ತಿದೆ. ಇದು ನಾನೇ ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದದ್ದು, ತಮ್ಮ ಪಂಚೆ ಹಿಡಿದಿದ್ದ.

ವಿಜಯಾ_ಟೀಚರ್ · ಭಾನುವಾರ, ಸಂಜೆ 6:00

ದುಪಟ್ಟಾ ನಿನ್ನೆಯ ಫೋಟೊದಲ್ಲಿ ಎಡ ಹೆಗಲಿಗಿತ್ತು. ಇದರಲ್ಲಿ ಬಲಕ್ಕೆ ಇದೆಯಲ್ಲಮ್ಮ? ಬೈತಲೆಯೂ ಆಚೆ ಹೋಗಿದೆ. ನನ್ನ ಸೀರೆ ಸೆರಗೂ ಮೊಬೈಲಲ್ಲಿ ಒಮ್ಮೊಮ್ಮೆ ಬಲಕ್ಕೆ ಬರುತ್ತೆ. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ಸ್ಟುಡಿಯೋ_ಮಂಜಣ್ಣ · ಭಾನುವಾರ, ಸಂಜೆ 7:15

ಟೀಚರಮ್ಮ ಸರಿಯಾಗಿ ಕಂಡುಹಿಡಿದರು. ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೆ ತೋರಿಸುತ್ತೆ. ಕೆಲವು ಮೊಬೈಲು ಆ ಕನ್ನಡಿಯ ರೂಪವನ್ನೇ ಉಳಿಸಿಕೊಳ್ಳುತ್ತವೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಮಿರರ್ ಅಂತ ಇರುತ್ತೆ, ಅದನ್ನು ಆರಿಸಬಹುದು. ಆದರೆ ಈ ಕೆಲಸಕ್ಕೆ ಸೆಲ್ಫಿ ಕ್ಯಾಮೆರಾವೇ ಬೇಡ.

ಮೂಗು ದೊಡ್ಡದಾದದ್ದು ಕ್ಯಾಮೆರಾ ತೀರಾ ಹತ್ತಿರ ಇದ್ದದ್ದರಿಂದ. ಕೈ ಚಾಚಿ ತೆಗೆದರೆ ಕ್ಯಾಮೆರಾ ನಿನ್ನ ಮುಖದಿಂದ ಒಂದೂವರೆ ಅಡಿ ಇರುತ್ತೆ. ಅಷ್ಟು ಹತ್ತಿರದಲ್ಲಿ ಮೂಗಿಗೂ ಕಿವಿಗೂ ನಡುವಿನ ನಾಲ್ಕೈದು ಇಂಚು ದೊಡ್ಡ ವ್ಯತ್ಯಾಸ. ಹತ್ತಿರ ಇದ್ದ ಮೂಗು ಉಬ್ಬುತ್ತೆ, ದೂರದ ಕಿವಿ ಸಣ್ಣದಾಗುತ್ತೆ. ಐದು ಅಡಿ ದೂರ ಹೋದರೆ ಆ ನಾಲ್ಕೈದು ಇಂಚು ಲೆಕ್ಕಕ್ಕೇ ಬರಲ್ಲ. ತಮ್ಮ ಹಿಂದಿನ ಕ್ಯಾಮೆರಾದಲ್ಲಿ, ಐದು ಅಡಿ ದೂರದಿಂದ, ಮೊಬೈಲು ನಿನ್ನ ಕಣ್ಣಿನ ಎತ್ತರಕ್ಕೆ ಹಿಡಿದು ತೆಗೆಯಲಿ. ನೀನು ಕೂತಿದ್ದೀಯ ಅಂದರೆ ಅವನೂ ಬಾಗಬೇಕು ಅಥವಾ ಮಣೆ ಮೇಲೆ ಕೂರಬೇಕು. ನಿಂತು ತೆಗೆದರೆ ಹಣೆ ದೊಡ್ಡದಾಗುತ್ತೆ. ಪಂಚೆಯನ್ನು ಅಮ್ಮ ಹಿಡಿಯಲಿ, ಇಲ್ಲ ಇನ್ನೊಂದು ಕುರ್ಚಿಯ ಬೆನ್ನಿಗೆ ಹಾಕು.

ಬಿಸಿಲಿನ ಪಟ್ಟೆಗೆ ಮದ್ದು ಸುಲಭ. ನಿಮ್ಮದು ಪಡುವಣದ ಕಿಟಕಿ, ಬೆಳಿಗ್ಗೆ ಹತ್ತರ ಸುಮಾರಿಗೆ ತೆಗೆಸು. ಆಗ ಆ ಕಡೆ ಬರಿ ಆಕಾಶದ ಬೆಳಕು. ನಿನಗೆ ಸಂಜೆಯೇ ಬಿಡುವು ಅಂದರೆ ತೆಳು ಬಿಳಿ ಬಟ್ಟೆ ಕಿಟಕಿಗೆ ಕಟ್ಟು. ಹಳೆ ಬಿಳಿ ಕಾಟನ್ ಸೀರೆ ಒಂದೇ ಪದರದಲ್ಲಿ ಕಟ್ಟಿದರೆ ಕಂಬಿಯ ನೆರಳು ಕರಗಿ ಹೋಗುತ್ತೆ.

ಈಗ ಬ್ಯಾಕ್‌ಗ್ರೌಂಡ್. ಜುಮುಕಿ ಕರಗಿದ್ದು ಯಾಕೆ ಗೊತ್ತಾ? ಮೊಬೈಲಿನ ಬ್ಲರ್ ಲೆನ್ಸಿನಿಂದ ಬಂದದ್ದಲ್ಲ. ಎಲ್ಲಿ ಮನುಷ್ಯ ಮುಗಿಯುತ್ತಾನೆ, ಎಲ್ಲಿ ಗೋಡೆ ಶುರುವಾಗುತ್ತೆ ಅಂತ ಮೊಬೈಲು ಲೆಕ್ಕ ಹಾಕಿ ಗೋಡೆಯನ್ನು ಮಸುಕು ಮಾಡುತ್ತೆ. ಜುಮುಕಿಯ ಸಂದು, ಗುಂಗುರು ಕೂದಲು, ಕನ್ನಡಕದ ಅಂಚು, ಇಲ್ಲೆಲ್ಲ ಲೆಕ್ಕ ತಪ್ಪುತ್ತೆ. ನೀನು ಗೋಡೆಗೆ ಅಂಟಿ ನಿಂತಿದ್ದರಿಂದ ಇನ್ನೂ ಕಷ್ಟ ಆಯಿತು.

ಅದರ ಬದಲು ಜಾಗ ಬಿಡು. ನಿನ್ನ ಬೆನ್ನಿಗೂ ಹಿಂದಿನ ಗೋಡೆಗೂ ಆರಡಿಯಾದರೂ ಇರಲಿ. ಎರಡು ಲಾಭ. ನಿನ್ನ ನೆರಳು ಗೋಡೆ ಮೇಲೆ ಬೀಳಲ್ಲ. ಕಿಟಕಿಯ ಬೆಳಕು ದೂರ ಹೋದಂತೆ ಬೇಗ ಕಡಿಮೆ ಆಗುತ್ತೆ, ಹಾಗಾಗಿ ಮುಖ ಬೆಳಗಿರುತ್ತೆ, ಗೋಡೆ ತಾನಾಗಿ ಮಂಕಾಗುತ್ತೆ. ಮಂಕಾದ ಗೋಡೆಯ ಮೇಲಿನ ಕ್ಯಾಲೆಂಡರ್ ಯಾರ ಕಣ್ಣಿಗೂ ಬೀಳಲ್ಲ. ನಾವು ಸ್ಟುಡಿಯೋದಲ್ಲಿ ಪರದೆಯನ್ನು ದೂರ ಕಟ್ಟುತ್ತಿದ್ದದ್ದು ಇದಕ್ಕೇ.

ಬಸವರಾಜ್_ಮಂಡಿಪೇಟೆ · ಭಾನುವಾರ, ರಾತ್ರಿ 8:30

ಚರ್ಚೆ ಓದುತ್ತಿದ್ದೆ. ನನ್ನದೊಂದು ಪ್ರಶ್ನೆ. ನಾನು ದಿನಾ ವಿಭೂತಿ ಹಚ್ಚುತ್ತೇನೆ. ಕೆಲಸದ ಪ್ರೊಫೈಲ್ ಫೋಟೊಗೆ ಒರೆಸಿಕೊಳ್ಳಬೇಕಾ? ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಶ್ವೇತಾ_ನೇಮಕಾತಿ · ಭಾನುವಾರ, ರಾತ್ರಿ 9:00

ನಾನು ಅದನ್ನು ಯಾವತ್ತೂ ಲೆಕ್ಕಕ್ಕೆ ತಗೊಂಡಿಲ್ಲ. ಆಫೀಸಿಗೂ ಹಾಗೇ ಬರುವವರಾದರೆ ಫೋಟೊದಲ್ಲೂ ಇರಲಿ ಅನ್ನುವುದು ನನ್ನ ಅಭಿಪ್ರಾಯ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಕೆಲವರು ಬೇಡ ಅನ್ನುತ್ತಾರೆ. ಕುಂಕುಮಕ್ಕೂ ಇದೇ ಮಾತು ಬರುತ್ತೆ. ನಿರ್ಧಾರ ನಿಮ್ಮದು.

ಸ್ಟುಡಿಯೋ_ಮಂಜಣ್ಣ · ಭಾನುವಾರ, ರಾತ್ರಿ 9:20

ಇಡಬೇಕಾ ಬೇಡವಾ ಅನ್ನೋದು ನಿಮಗೆ ಬಿಟ್ಟದ್ದು ಬಸಣ್ಣ. ಇಡುವುದಾದರೆ ಫೋಟೊ ತೆಗೆಯುವವರು ಹಣೆಯನ್ನು ಮುಟ್ಟಿ ಬೆಳಕು ಅಳೆಯಬಾರದು. ವಿಭೂತಿಯ ಬಿಳುಪನ್ನು ನೋಡಿ ಮೊಬೈಲು ಮುಖವನ್ನೆಲ್ಲ ಕಪ್ಪು ಮಾಡುತ್ತೆ. ಪರದೆಯಲ್ಲಿ ಕೆನ್ನೆಯ ಮೇಲೆ ಬೆರಳು ಒತ್ತಿ ಹಿಡಿಯಲಿ. ಹೆಚ್ಚಿನ ಮೊಬೈಲಲ್ಲಿ ಬೆಳಕು ಅಲ್ಲೇ ನಿಲ್ಲುತ್ತೆ, ಸೂರ್ಯನ ಗುರುತೊಂದು ಬರುತ್ತೆ. ಅದನ್ನು ಮೇಲೆ ಕೆಳಗೆ ಎಳೆದು ಸರಿ ಮಾಡಬಹುದು. ಬಿಳಿ ಅಂಗಿ ಹಾಕಿದವರಿಗೂ ಇದೇ ತೊಂದರೆ ಬರುತ್ತೆ.

ಚೈತ್ರಾ_ದಾವಣಗೆರೆ · ಸೋಮವಾರ, ಬೆಳಿಗ್ಗೆ 11:10

ಮಂಜಣ್ಣ, ಹತ್ತು ಗಂಟೆಗೆ ತೆಗೆಸಿದೆವು. ನೀವು ಹೇಳಿದ್ದನ್ನೆಲ್ಲ ಮಾಡಿದೆ. ಕಣ್ಣಲ್ಲಿ ಬಿಳಿ ಚುಕ್ಕೆ ಬಂದಿದೆ, 10 ರ ಜಾಗದಲ್ಲೇ ಇದೆ! ಅಮ್ಮ ಪಂಚೆ ಹಿಡಿದು ಹತ್ತಿರ ತಂದಾಗ ಕೆನ್ನೆಯ ಕತ್ತಲು ಹೋಗೋದು ಕಣ್ಣಿಗೇ ಕಾಣುತ್ತಿತ್ತು.

ಗೋಡೆಗೆ ಆರಡಿ ಜಾಗ ನಮ್ಮ ಪಡಸಾಲೆಯಲ್ಲಿ ಸಿಗಲಿಲ್ಲ. ಅದಕ್ಕೆ ಅಡುಗೆಮನೆಯ ಬಾಗಿಲು ಹಿಂದೆ ಬರುವ ಹಾಗೆ ಕುರ್ಚಿ ತಿರುಗಿಸಿದೆವು. ಬಾಗಿಲೊಳಗೆ ಕತ್ತಲು, ಹಾಗಾಗಿ ಹಿಂದೆ ಏನೂ ಕಾಣಲ್ಲ. ಆದರೆ ಬಾಗಿಲಿನ ಚೌಕಟ್ಟು ನನ್ನ ತಲೆಯಿಂದ ಮೇಲಕ್ಕೆ ಹುಟ್ಟಿದ ಹಾಗೆ ಬಂದಿದೆ. ಹೆಗಲ ಹತ್ತಿರ ಸ್ವಿಚ್‌ಬೋರ್ಡಿನ ಮೂಲೆ ಇನ್ನೂ ಇದೆ.

ಸ್ಟುಡಿಯೋ_ಮಂಜಣ್ಣ · ಸೋಮವಾರ, ಮಧ್ಯಾಹ್ನ 12:00

ಬಾಗಿಲ ಉಪಾಯ ಚೆನ್ನಾಗಿದೆ ತಂಗಿ, ಕತ್ತಲ ಬಾಗಿಲಿಗಿಂತ ಒಳ್ಳೆ ಪರದೆ ಇಲ್ಲ. ನಿನ್ನ ಕೂದಲು ಕಪ್ಪು, ಬಾಗಿಲೂ ಕಪ್ಪು. ಕೂದಲ ಅಂಚು ಕತ್ತಲಲ್ಲಿ ಬೆರೆಯುತ್ತಿದೆಯಾ ನೋಡು. ಬೆರೆತರೆ ಅಡುಗೆಮನೆಯ ಕಿಟಕಿಯ ಬಾಗಿಲನ್ನು ಸ್ವಲ್ಪ ತೆರೆ, ಒಳಗೆ ಬೂದು ಬೆಳಕು ಬರಲಿ.

ಚೌಕಟ್ಟಿಗೆ ನೀನು ಕದಲಬೇಡ, ಬೆಳಕು ಕೆಡುತ್ತೆ. ತಮ್ಮ ಒಂದು ಹೆಜ್ಜೆ ಎಡಕ್ಕೆ ಹೋಗಲಿ. ಹಿಂದಿನ ಗೆರೆ ತಲೆಯಿಂದ ಜಾರಿ ಪಕ್ಕಕ್ಕೆ ಹೋಗುತ್ತೆ. ಸ್ವಿಚ್‌ಬೋರ್ಡೂ ಬಹುಶಃ ಹೊರಗೆ ಹೋಗುತ್ತೆ.

ಚೈತ್ರಾ_ದಾವಣಗೆರೆ · ಸೋಮವಾರ, ಮಧ್ಯಾಹ್ನ 12:50

ಒಂದು ಹೆಜ್ಜೆಗೆ ಚೌಕಟ್ಟು ಹೋಯಿತು. ಬೋರ್ಡಿನ ಚೂರು ಮಾತ್ರ ಉಳಿಯಿತು. Snapseed ನಲ್ಲಿ Healing ಒತ್ತಿ ಅದರ ಮೇಲೆ ಬೆರಳಾಡಿಸಿದೆ, ಮಾಯ ಆಯಿತು. ಅದೇ ಧೈರ್ಯದಲ್ಲಿ ಕೂದಲ ಪಕ್ಕದ ಒಂದು ಮೊಳೆಯ ಮೇಲೂ ಆಡಿಸಿದೆ. ಅಲ್ಲಿ ಕೂದಲೇ ಒಂದಷ್ಟು ಗೋಡೆ ಮೇಲೆ ಅಂಟಿಕೊಂಡಿತು. ಅದನ್ನು ವಾಪಸ್ ತೆಗೆದೆ.

ಕ್ರಾಪ್ ಹೇಗೆ ಮಾಡಲಿ? ಫೋಟೊ 3000 x 4000 ಇದೆ. ನಾನು ಮುಖಕ್ಕೆ ಹತ್ತಿರ ಹತ್ತಿರ ಕತ್ತರಿಸಿ ಹಾಕಿ ನೋಡಿದೆ, ದುಂಡಿನಲ್ಲಿ ನೆತ್ತಿ ಹಾರಿಹೋಯಿತು.

ಶ್ವೇತಾ_ನೇಮಕಾತಿ · ಸೋಮವಾರ, ಮಧ್ಯಾಹ್ನ 1:30

ನಾವು ಚೌಕವಾಗಿ ಕತ್ತರಿಸುತ್ತೇವೆ, ಅವರು ದುಂಡಗೆ ತೋರಿಸುತ್ತಾರೆ. ನಾಲ್ಕೂ ಮೂಲೆ ಹೋಗುತ್ತೆ. ಅದಕ್ಕೆ ನೆತ್ತಿಯ ಮೇಲೆ ಎರಡು ಬೆರಳಗಲ ಜಾಗ ಬಿಡಿ. ಕೆಳಗೆ ಕುತ್ತಿಗೆಗೆ ನಿಲ್ಲಿಸಬೇಡಿ, ಹೆಗಲು ಶುರುವಾಗಿ ಎದೆಯ ಮೇಲ್ಭಾಗದ ತನಕ ಇರಲಿ. ಕಣ್ಣು ಚೌಕದ ನಡುವಿಗಿಂತ ಸ್ವಲ್ಪ ಮೇಲೆ ಬರಬೇಕು. ನಾನು ಮೊದಲು ಹೇಳಿದ 60 ಭಾಗವನ್ನು ಸ್ಕೇಲಿಟ್ಟು ಅಳೆಯಬೇಡಿ. ಗದ್ದದಿಂದ ನೆತ್ತಿ ತನಕ ಚೌಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಆಯಿತು.

ಕಿರಣ್_ಜಗಳೂರು · ಸೋಮವಾರ, ಮಧ್ಯಾಹ್ನ 1:45

ಪಿಕ್ಸೆಲ್ ಚಿಂತೆ ಬೇಡ. ಐದಡಿ ದೂರದಿಂದ ತೆಗೆದರೆ ತಲೆ, ಹೆಗಲು ಸೇರಿ ಸುಮಾರು 900 ಪಿಕ್ಸೆಲ್ ಸಿಗುತ್ತೆ. 400 ಕ್ಕೆ ಧಾರಾಳ. ಝೂಮ್ ಮಾಡಿ ತೆಗೆಯುವ ಅಗತ್ಯ ಇಲ್ಲ. ಬೇರೆ ಝೂಮ್ ಲೆನ್ಸ್ ಇಲ್ಲದ ಮೊಬೈಲಲ್ಲಿ ಝೂಮ್ ಅಂದರೂ ಅದೇ ಕ್ರಾಪ್.

ಆದರೂ ಒಂದು ಹೇಳುತ್ತೇನೆ, ಬ್ಯಾಕ್‌ಗ್ರೌಂಡ್ ಸ್ವಲ್ಪ ಮಸುಕಾಗಿದ್ದರೆ ಇನ್ನೂ ಚೆನ್ನಾಗಿರುತ್ತೆ. ಈಗ ಹಿಂದೆ ಬಾಗಿಲು ಇರೋದರಿಂದ ಜಾಗ ಇದೆ, ಅಂಚು ಸರಿಯಾಗಿ ಹಿಡಿಯಬಹುದು. ಒಂದು ಪೋರ್ಟ್ರೇಟ್‌ನಲ್ಲೂ ತೆಗೆದು ನೋಡಿ.

ಚೈತ್ರಾ_ದಾವಣಗೆರೆ · ಸೋಮವಾರ, ಸಂಜೆ 6:20

ಎರಡೂ ಹಾಕಿದ್ದೇನೆ. ಕ್ರಾಪ್ ಮಾಡಿದ ಮೇಲೆ 940 x 940 ಬಂತು. ಮೊದಲನೆಯದು ಬ್ಲರ್ ಇಲ್ಲದ್ದು. ಎರಡನೆಯದು ಪೋರ್ಟ್ರೇಟ್, ಕಿರಣ್ ಹೇಳಿದ ಹಾಗೆ. ಈ ಸಲ ಜುಮುಕಿ ಉಳಿದಿದೆ. ಆದರೆ ಜುಮುಕಿಗೂ ಕುತ್ತಿಗೆಗೂ ನಡುವಿನ ಸಂದಿಯಲ್ಲಿ ಬಾಗಿಲು ಸ್ಪಷ್ಟವಾಗಿ ಕಾಣುತ್ತೆ, ಹೊರಗೆ ಮಸುಕಾಗಿದೆ. ಒಮ್ಮೆ ಕಂಡ ಮೇಲೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿದೆ. ನಾನು ಮೊದಲನೆಯದನ್ನೇ ಹಾಕಿದೆ.

ಗದ್ದದ ಮೇಲೆ ಒಂದು ಮೊಡವೆ ಇತ್ತು, Healing ನಲ್ಲಿ ತೆಗೆದೆ. ಹುಬ್ಬಿನ ಹತ್ತಿರ ಚಿಕ್ಕಂದಿನ ಗಾಯದ ಗುರುತು ಇದೆ, ಅದನ್ನು ಹಾಗೇ ಬಿಟ್ಟೆ. ತಮ್ಮ ಅದನ್ನೂ ತೆಗಿ ಅನ್ನುತ್ತಿದ್ದಾನೆ.

ಸ್ಟುಡಿಯೋ_ಮಂಜಣ್ಣ · ಸೋಮವಾರ, ಸಂಜೆ 7:00

ಬಿಟ್ಟದ್ದು ಸರಿ. ಮುಂದಿನ ವಾರ ಹೋಗುವ ಮೊಡವೆ ತೆಗೆಯಬಹುದು, ಯಾವಾಗಲೂ ಇರುವ ಗುರುತು ಬಿಡಬೇಕು. ನಾನು ಗಿರಾಕಿಗಳಿಗೂ ಹಾಗೇ ಮಾಡಿಕೊಡುತ್ತಿದ್ದೆ.

ಶ್ವೇತಾ_ನೇಮಕಾತಿ · ಸೋಮವಾರ, ಸಂಜೆ 7:25

ಉಗುರಿನಷ್ಟು ಸಣ್ಣದು ಮಾಡಿ ನೋಡಿದೆ. ಮೊದಲು ಕಾಣುವುದು ಕಣ್ಣು. ನನಗೆ ಇಷ್ಟ ಆಯಿತು.

ಕಿರಣ್_ಜಗಳೂರು · ಸೋಮವಾರ, ರಾತ್ರಿ 8:00

ನನಗೆ ಈಗಲೂ ಎರಡನೆಯದೇ ಚೆಂದ. ಆ ಸಣ್ಣ ದುಂಡಿನಲ್ಲಿ ಜುಮುಕಿಯ ಸಂದು ಯಾರಿಗೂ ಕಾಣಲ್ಲ.

ವಿಜಯಾ_ಟೀಚರ್ · ಸೋಮವಾರ, ರಾತ್ರಿ 8:40

ಮುಖ ಲಕ್ಷಣವಾಗಿ ಬಂದಿದೆ ಚೈತ್ರಾ. ಮಂಜಣ್ಣ, ನಮ್ಮ ಮನೆ ಹಳೆ ಕಾಲದ್ದು, ಒಳಗೆ ಕಿಟಕಿ ಅಂದರೆ ಗವಾಕ್ಷಿ ಮಾತ್ರ. ಮಗನ ಫೋಟೊ ಎಲ್ಲಿ ತೆಗೆಯೋದು?

ಸ್ಟುಡಿಯೋ_ಮಂಜಣ್ಣ · ಸೋಮವಾರ, ರಾತ್ರಿ 9:10

ಮುಂಬಾಗಿಲಲ್ಲಿ ಟೀಚರಮ್ಮ. ಹೊಸ್ತಿಲಿನಿಂದ ಎರಡಡಿ ಒಳಗೆ, ಹೊರಗೆ ಮುಖ ಮಾಡಿ ನಿಲ್ಲಿಸಿ. ಬಿಸಿಲು ಕಾಲ ಮೇಲೂ ಬೀಳಬಾರದು. ನೀವು ಹೊರಗೆ ನಿಂತು ತೆಗೆಯಿರಿ, ಆದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಒಂದು ಪಕ್ಕಕ್ಕೆ. ನಡುವೆ ನಿಂತರೆ ನೀವೇ ಅವನ ಬೆಳಕು ತಡೆಯುತ್ತೀರಿ. ಅವನ ಹಿಂದಿನ ಪಡಸಾಲೆ ತಾನಾಗಿ ಕತ್ತಲಾಗಿರುತ್ತೆ, ಒಳಗಿನ ದೀಪ ಮಾತ್ರ ಆರಿಸಿ. ಪರೀಕ್ಷೆಯ ಅರ್ಜಿಗಾದರೆ ಇದು ಆಗಲ್ಲ. ಅದಕ್ಕೆ ಬಿಳಿ ಗೋಡೆಯೇ ಬೇಕು, ಜಗಲಿಯ ನೆರಳಲ್ಲಿ ತೆಗೆಯಿರಿ.

ಇರ್ಫಾನ್_ಹರಿಹರ · ಸೋಮವಾರ, ರಾತ್ರಿ 9:45

ಕನ್ನಡಕದ ಕಾಲು ಎತ್ತಿ ತೆಗೆಸಿದೆ ಅಣ್ಣ. ಬಲಗಣ್ಣು ಪೂರ್ತಿ ಸ್ವಚ್ಛ. ಎಡಗಾಜಿನಲ್ಲಿ ಹಸಿರು ಹೊಳಪೊಂದು ಉಳಿದಿದೆ, ಕಪ್ಪಿನ ಅಂಚಿಗೆ ತಾಗುತ್ತಿದೆ. ಪವರ್ ಮೈನಸ್ ನಾಲ್ಕು. ಫೋಟೊ ಹಾಕಿದ್ದೇನೆ, ನೋಡಿ.

ಸ್ಟುಡಿಯೋ_ಮಂಜಣ್ಣ · ಸೋಮವಾರ, ರಾತ್ರಿ 10:05

ನೋಡಿದೆ. ಹಸಿರು ಗಾಜಿನ ಮೇಲಿನ ಲೇಪದ್ದು, ಅದು ಪೂರ್ತಿ ಹೋಗಲ್ಲ. ಗದ್ದವನ್ನು ಒಂದು ಬೆರಳಷ್ಟು ಬಲಕ್ಕೆ ತಿರುಗಿಸಿ, ಕಣ್ಣು ಮಾತ್ರ ಕ್ಯಾಮೆರಾ ಕಡೆ ಇಟ್ಟು ಇನ್ನೊಂದು ತೆಗೆಸು. ನಾಳೆ ಬೆಳಿಗ್ಗೆ, ಇದೇ ಕುರ್ಚಿ, ಇದೇ ಜಾಗ. ಹಾಕು, ನೋಡೋಣ.